ತುಂಬಿದ ವಠಾರ, ತೆವಳುವ ಫೋನು

2012ರ ಬೇಸಿಗೆಯಲ್ಲಿ ಗೂಗಲ್ ಮತ್ತು ಅಸುಸ್ ಸೇರಿ ನೆಕ್ಸಸ್ 7 ಎಂಬ ಏಳಿಂಚಿನ ಟ್ಯಾಬ್ಲೆಟ್ ತಂದವು. ಅಮೆರಿಕದಲ್ಲಿ 199 ಡಾಲರ್ ಬೆಲೆ, ಒಳಗೆ ನಾಲ್ಕು ಕೋರಿನ ಪ್ರೊಸೆಸರ್, 8 ಅಥವಾ 16 ಜಿಬಿ ಸ್ಟೋರೇಜ್. ಕೊಂಡವರೆಲ್ಲ ಮೊದಲ ಕೆಲವು ತಿಂಗಳು ಹೊಗಳಿದರು. ಅದೇ ಜನ ವರ್ಷ ತುಂಬುವ ಮೊದಲೇ ಗೊಣಗತೊಡಗಿದರು. ಆಪ್ ತೆರೆದರೆ ಪರದೆ ಸ್ತಬ್ಧ, ಹಿನ್ನೆಲೆಯಲ್ಲಿ ಏನಾದರೂ ಡೌನ್‌ಲೋಡ್ ಆಗುತ್ತಿದ್ದರೆ ಕೀಬೋರ್ಡ್ ಅಕ್ಷರಗಳೂ ತಡವರಿಸುತ್ತಿದ್ದವು. ಪ್ರೊಸೆಸರ್ ಹಳತಾಗಿರಲಿಲ್ಲ, ಬ್ಯಾಟರಿ ಸರಿಯಿತ್ತು, ಸಾಫ್ಟ್‌ವೇರ್ ಕೂಡ ಹೊಸದೇ. ಟ್ಯಾಬ್ಲೆಟ್ ತುಂಬುತ್ತ ಬಂದಾಗ ಈ ತೊಂದರೆ ಹೆಚ್ಚು ಎಂಬುದನ್ನು ಬಳಕೆದಾರರೇ ಗಮನಿಸಿದ್ದರು. ಅವರನ್ನು ಕಂಗೆಡಿಸಿದ್ದು ಇನ್ನೊಂದು ಸಂಗತಿ. ಸಿನಿಮಾ, ಆಟ ಎಲ್ಲ ಅಳಿಸಿ ಅರ್ಧ ಜಾಗ ಖಾಲಿ ಮಾಡಿದ ಮೇಲೂ ಟ್ಯಾಬ್ಲೆಟ್ ಮೊದಲಿನ ಚುರುಕಿಗೆ ಬರುತ್ತಿರಲಿಲ್ಲ.

ಮರುವರ್ಷ, 2013ರ ಜುಲೈನಲ್ಲಿ, ಆಂಡ್ರಾಯ್ಡ್ 4.3 ಬಂತು. ಅದನ್ನು ಹಾಕಿಕೊಂಡು ಒಂದೆರಡು ರಾತ್ರಿ ಸುಮ್ಮನೆ ಬಿಟ್ಟ ಹಳೆಯ ನೆಕ್ಸಸ್ 7 ಚೇತರಿಸಿಕೊಂಡಿತು. ಆನಂದ್‌ಟೆಕ್ ಪತ್ರಿಕೆ ಇದರ ಕಾರಣವನ್ನು ಬಿಡಿಸಿ ಬರೆಯಿತು. ಹೊಸ ಆಂಡ್ರಾಯ್ಡ್‌ನಲ್ಲಿ ‘ಟ್ರಿಮ್’ ಎಂಬ ಸಣ್ಣ ಕೆಲಸವೊಂದು ಸೇರಿತ್ತು. ಯಾವ ಯಾವ ಫೈಲುಗಳನ್ನು ಅಳಿಸಲಾಗಿದೆ ಎಂದು ಸ್ಟೋರೇಜ್ ಚಿಪ್ಪಿಗೆ ತಿಳಿಸುವುದಷ್ಟೇ ಅದರ ಕೆಲಸ.

ಅಂದರೆ ಅದುವರೆಗೆ ಚಿಪ್ಪಿಗೆ ಅದು ಗೊತ್ತೇ ಇರಲಿಲ್ಲವೇ? ಇರಲಿಲ್ಲ. ಅಳಿಸಿದ ಸಿನಿಮಾಗಳೆಲ್ಲ ಇನ್ನೂ ಬೇಕಾದವೇ ಎಂದುಕೊಂಡು ಅದು ಅವನ್ನು ತಿಂಗಳುಗಟ್ಟಲೆ ಹೊತ್ತು ತಿರುಗುತ್ತಿತ್ತು. ಈ ವಿಚಿತ್ರ ಹೇಗೆ ಸಾಧ್ಯ ಎಂದು ಅರ್ಥವಾದರೆ, ಸ್ಟೋರೇಜ್ ತುಂಬಿಸಿಕೊಂಡೇ ವರ್ಷಗಳನ್ನು ಕಳೆದ ಇಂದಿನ ಫೋನುಗಳು ಏಕೆ ತೆವಳುತ್ತವೆ ಎಂಬುದೂ ಅರ್ಥವಾಗುತ್ತದೆ.

ಫೋನಿನ ಸ್ಟೋರೇಜ್ ಎಂದರೆ ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ 1984ರಲ್ಲಿ ಇದರ ಮೊದಲ ರೂಪವನ್ನು ಜಗತ್ತಿನ ಮುಂದಿಟ್ಟರು. ಇಂದು ಎಲ್ಲ ಫೋನುಗಳಲ್ಲಿರುವ ‘ನ್ಯಾಂಡ್’ ಎಂಬ ಬಗೆಯನ್ನು ತೋರಿಸಿದ್ದು 1987ರಲ್ಲಿ. ಒಂದು ದೊಡ್ಡ ಭಾಗವನ್ನು ಒಮ್ಮೆಲೇ ಅಳಿಸುವುದು ಕ್ಯಾಮೆರಾದ ಫ್ಲ್ಯಾಶ್ ಬೆಳಗಿದಂತಿದೆ ಎಂದು ಸಹೋದ್ಯೋಗಿಯೊಬ್ಬರಿಗೆ ಅನಿಸಿದ್ದರಿಂದ ಈ ಹೆಸರು ಬಂತು. ‘ದೊಡ್ಡ ಭಾಗವನ್ನು ಒಮ್ಮೆಲೇ’ ಎಂಬ ಆ ಮಾತಿನಲ್ಲೇ ಇದರ ಗುಣವೂ ಇದೆ, ದೋಷವೂ ಇದೆ.

ಹಳೆಯ ಮೈಸೂರಿನ ಕಡೆಯ ವಠಾರವೊಂದನ್ನು ನೆನೆದುಕೊಳ್ಳಬಹುದು. ಸಾಲಾಗಿ ನೂರು ಕೋಣೆ. ಇಲ್ಲಿನ ಕಟ್ಟಳೆ ಮಾತ್ರ ಸ್ವಲ್ಪ ವಿಪರೀತ. ಸುಣ್ಣ ಬಳಿದ ಕೋಣೆಗೆ ಮಾತ್ರ ಹೊಸ ಬಾಡಿಗೆದಾರ ಬರಬಹುದು. ಒಬ್ಬ ಬಿಟ್ಟುಹೋದ ಕೋಣೆಯೊಂದಕ್ಕೇ ಸುಣ್ಣ ಬಳಿಯುವಂತಿಲ್ಲ, ಬಳಿದರೆ ನೂರು ಕೋಣೆಗೂ ಒಟ್ಟಿಗೇ ಬಳಿಯಬೇಕು. ಹಾಗೆ ಬಳಿಯಬೇಕಾದರೆ ಅಲ್ಲಿ ಇನ್ನೂ ವಾಸವಿರುವವರನ್ನೆಲ್ಲ ಮೊದಲು ಪಕ್ಕದ ವಠಾರಕ್ಕೆ ಸಾಗಿಸಬೇಕು.

ಫ್ಲ್ಯಾಶ್ ಚಿಪ್ಪಿನಲ್ಲಿ ಕೋಣೆಗೆ ‘ಪೇಜ್’ ಎನ್ನುತ್ತಾರೆ, ವಠಾರಕ್ಕೆ ‘ಬ್ಲಾಕ್’. ಈಗಿನ ಚಿಪ್ಪುಗಳಲ್ಲಿ ಒಂದು ಪೇಜ್ ಸಾಮಾನ್ಯವಾಗಿ 16 ಕೆಬಿ, ಒಂದು ಬ್ಲಾಕಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೀರಿದ ಪೇಜ್‌ಗಳು. ಬರೆಯುವುದು ಪೇಜ್ ಲೆಕ್ಕದಲ್ಲಿ, ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ. ಬರೆದ ಪೇಜಿನ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಹೀಗಾಗಿ ಫೋನಿನಲ್ಲಿ ಒಂದು ಕಾಂಟ್ಯಾಕ್ಟಿನ ಹೆಸರು ತಿದ್ದಿದರೂ, ಚಿಪ್ ಹಳೆಯ ಪೇಜನ್ನು ಮುಟ್ಟದೆ ತಿದ್ದಿದ ಪ್ರತಿಯನ್ನು ಬೇರೊಂದು ಖಾಲಿ ಪೇಜಿನಲ್ಲಿ ಬರೆಯುತ್ತದೆ. ‘ಈ ಫೈಲಿನ ಈ ಭಾಗ ಈಗ ಅಲ್ಲಿದೆ’ ಎಂದು ತನ್ನ ದಫ್ತರಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಹಳೆಯ ಪೇಜ್ ರದ್ದಿಯಾಗಿ ಅಲ್ಲೇ ಉಳಿಯುತ್ತದೆ.

ಈ ದಫ್ತರು ಬರೆಯುವ ಗುಮಾಸ್ತೆ ಚಿಪ್ಪಿನೊಳಗೇ ಕೂತಿರುವ ಕಂಟ್ರೋಲರ್. ಖಾಲಿ ಪೇಜ್‌ಗಳು ಮುಗಿಯುತ್ತ ಬಂದಂತೆ ಅದು ರದ್ದಿ ಹೆಚ್ಚಿರುವ ಬ್ಲಾಕೊಂದನ್ನು ಆರಿಸುತ್ತದೆ, ಅದರಲ್ಲಿ ಇನ್ನೂ ಬೇಕಾದ ಪೇಜ್‌ಗಳನ್ನು ಬೇರೆಡೆ ನಕಲು ಮಾಡುತ್ತದೆ, ಆಮೇಲೆ ಇಡೀ ಬ್ಲಾಕನ್ನು ಅಳಿಸುತ್ತದೆ. ಇದಕ್ಕೆ ‘ಗಾರ್ಬೇಜ್ ಕಲೆಕ್ಷನ್’ ಎಂಬ ಹೆಸರಿದೆ. ಕಸ ಎತ್ತುವ ಕೆಲಸವೇ ಹೌದು. ಆದರೆ ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಕಸ ಎತ್ತುವುದಕ್ಕಲ್ಲ, ಕಸವಲ್ಲದ್ದನ್ನು ಸಾಗಿಸುವುದಕ್ಕೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ನೂರು ಪೇಜಿನ ಬ್ಲಾಕಿನಲ್ಲಿ 50 ಮಾತ್ರ ಬೇಕಾದವು ಎಂದುಕೊಳ್ಳಿ. ಆ 50ನ್ನು ಸಾಗಿಸಿ ಬ್ಲಾಕ್ ಅಳಿಸಿದರೆ 50 ಪೇಜಿನಷ್ಟು ಹೊಸ ಜಾಗ ಸಿಗುತ್ತದೆ. ಅಲ್ಲಿ 50 ಹೊಸ ಪೇಜ್ ಬರೆಯುವ ಹೊತ್ತಿಗೆ ಚಿಪ್ ಒಟ್ಟು ನೂರು ಪೇಜ್ ಬರೆದಂತಾಯಿತು. ಕೇಳಿದ್ದರ ಎರಡರಷ್ಟು ಕೆಲಸ. ಈಗ ಅದೇ ಬ್ಲಾಕಿನಲ್ಲಿ 80 ಬೇಕಾದವು ಎಂದರೆ, 80 ಸಾಗಿಸಿ ಸಿಗುವುದು 20. ಕೆಲಸ ಐದರಷ್ಟು. 90 ಬೇಕಾದವಾದರೆ 90 ಸಾಗಿಸಿ ಸಿಗುವುದು ಬರೀ 10, ಕೆಲಸ ಹತ್ತರಷ್ಟು. ಅರ್ಧ ತುಂಬಿದ್ದಾಗಿನಿಂದ ಶೇ. 80ಕ್ಕೆ ಬರುವವರೆಗೆ ಕೆಲಸ ಎರಡೂವರೆ ಪಟ್ಟು ಏರಿದರೆ, ಅಲ್ಲಿಂದ ಬರೀ ಹತ್ತು ಅಂಶ ಮುಂದೆ ಹೋಗುವಷ್ಟರಲ್ಲಿ ಮತ್ತೆ ಎರಡು ಪಟ್ಟಾಗುತ್ತದೆ. ಶೇ. 95ಕ್ಕೆ ಇಪ್ಪತ್ತರಷ್ಟು. ಫೋನು ಬಹುಕಾಲ ಚೆನ್ನಾಗಿಯೇ ಓಡಿ ಕೊನೆಯ ಕೆಲವು ಜಿಬಿಯಲ್ಲಿ ಒಮ್ಮೆಗೇ ಮುಗ್ಗರಿಸಿದಂತೆ ಕಾಣುವುದು ಈ ಏರಿಕೆಯಿಂದ.

ನಿಜವಾದ ಚಿಪ್ಪಿನ ಸ್ಥಿತಿ ಇಷ್ಟು ಕೆಟ್ಟದಾಗಿರುವುದಿಲ್ಲ ಎಂದೂ ಹೇಳಬೇಕು. ಬೇಕಾದ ಪೇಜ್‌ಗಳು ಎಲ್ಲ ಬ್ಲಾಕುಗಳಲ್ಲೂ ಸಮನಾಗಿ ಹರಡಿರುವುದಿಲ್ಲ, ಕಂಟ್ರೋಲರ್ ಹುಡುಕಿ ಹುಡುಕಿ ರದ್ದಿ ಹೆಚ್ಚಿರುವ ಬ್ಲಾಕನ್ನೇ ತೆಗೆದುಕೊಳ್ಳುತ್ತದೆ. ಜೊತೆಗೆ, ಬಳಕೆದಾರರಿಗೆ ಕಾಣದ ಒಂದಷ್ಟು ಹೆಚ್ಚುವರಿ ಬ್ಲಾಕುಗಳನ್ನು ತಯಾರಕರೇ ತೆಗೆದಿಟ್ಟಿರುತ್ತಾರೆ. ಆದರೂ ದಿಕ್ಕು ಇದೇ.

ಕೆಲಸ ಹೆಚ್ಚಾದರೆ ಬೆರಳ ತುದಿಗೆ ಅದು ಗೊತ್ತಾಗುವುದು ಹೇಗೆ? ಒಂದು ಪೇಜ್ ಓದಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು. ಬರೆಯಲು ಸುಮಾರು ಅರ್ಧದಿಂದ ಒಂದು ಮಿಲಿಸೆಕೆಂಡ್ ಬೇಕು, ಬ್ಲಾಕ್ ಅಳಿಸಲು ಹಲವು ಮಿಲಿಸೆಕೆಂಡ್. ಒಂದರ ಹಿಂದೊಂದರಂತೆ 90 ಪೇಜ್ ಸಾಗಿಸಲು 60 ಮಿಲಿಸೆಕೆಂಡ್ ಹಿಡಿಯಿತೆಂದುಕೊಂಡರೆ, ಅಷ್ಟರಲ್ಲಿ ಸಾಮಾನ್ಯ ಫೋನಿನ ಪರದೆ ಮೂರು ನಾಲ್ಕು ಬಾರಿ ಚಿತ್ರ ಬದಲಿಸಿರಬೇಕಿತ್ತು. ಆ ಹೊತ್ತಿಗೆ ಆಪ್ ಯಾವುದೋ ಫೈಲಿಗಾಗಿ ಕಾಯುತ್ತಿದ್ದರೆ ಪರದೆ ಗಕ್ಕನೆ ನಿಲ್ಲುತ್ತದೆ. ಇಂಥ ಸಾಗಾಟಗಳು ಒಂದರ ಮೇಲೊಂದು ಬಿದ್ದಾಗ ಆಗುವ ಅನುಭವಕ್ಕೆ ಜನ ‘ಫೋನ್ ಹ್ಯಾಂಗ್ ಆಗ್ತಿದೆ’ ಎನ್ನುತ್ತಾರೆ.

ಫೋಟೊ, ವಿಡಿಯೊಗಳಂಥ ದೊಡ್ಡ ಫೈಲುಗಳು ಜಾಗ ತಿನ್ನುತ್ತವೆ, ನಿಜ. ಆದರೆ ಚಿಪ್ಪನ್ನು ಹೆಚ್ಚು ಗೋಳುಹೊಯ್ದುಕೊಳ್ಳುವವು ಅವಲ್ಲ. ಹ್ಯೋಜುನ್ ಕಿಮ್, ನಿತಿನ್ ಅಗರವಾಲ್ ಮತ್ತು ಕ್ರಿಸ್ಟಿಯನ್ ಉಂಗುರಿಯಾನು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಒಂದೇ ಫೋನಿಗೆ ಬೇರೆ ಬೇರೆ ಮೆಮೊರಿ ಕಾರ್ಡ್ ಹಾಕಿ ಬ್ರೌಸರ್, ಮ್ಯಾಪ್, ಇಮೇಲ್ ಮುಂತಾದವನ್ನು ಓಡಿಸಿ ನೋಡಿದರು. ಇಂಟರ್ನೆಟ್ಟಿನ ವೇಗವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಆದರೆ ಕಾರ್ಡ್ ಬದಲಿಸಿದ್ದಷ್ಟಕ್ಕೇ ಇವುಗಳ ವೇಗ ಬಹಳಷ್ಟು ಬದಲಾಯಿತು. ಕಾರ್ಡಿನ ಹೊರಗೆ ಮುದ್ರಿಸಿದ್ದ ವೇಗದ ದರ್ಜೆ ಇಲ್ಲಿ ಅಷ್ಟಾಗಿ ನೆರವಿಗೆ ಬರಲಿಲ್ಲ. ಆ ದರ್ಜೆ ದೊಡ್ಡ ಫೈಲನ್ನು ಒಂದೇ ಸಮನೆ ಬರೆಯುವ ವೇಗದ್ದು. ಆಪ್‌ಗಳು ಮಾಡುತ್ತಿದ್ದುದು ಅಲ್ಲಲ್ಲಿ ಚೂರುಚೂರಾಗಿ ಬರೆಯುವ ಕೆಲಸ.

ಆ ಚೂರುಗಳ ಮೂಲ ಸ್ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್. ಚಾಟ್, ಇಮೇಲ್, ಬ್ರೌಸರ್ ಇತಿಹಾಸ ಎಲ್ಲವೂ ಬಹುಮಟ್ಟಿಗೆ ಇದರಲ್ಲೇ ಇರುತ್ತವೆ. ನಡುವೆ ಫೋನ್ ಆಫ್ ಆದರೂ ಕೆಡದಿರಲಿ ಎಂದು ಪ್ರತಿ ಬದಲಾವಣೆಯನ್ನೂ ಅದು ಮೊದಲು ಒಂದು ಕಡೆ ದಾಖಲಿಸಿ, ಆಮೇಲೆ ಮೂಲ ಫೈಲಿಗೆ ಸೇರಿಸುತ್ತದೆ. ಅದರ ಕೆಳಗಿರುವ ಫೈಲ್ ಸಿಸ್ಟಮ್ ಕೂಡ ಅದೇ ಎಚ್ಚರಕ್ಕಾಗಿ ತನ್ನದೊಂದು ದಾಖಲೆ ಬರೆಯುತ್ತದೆ. ‘ಸರಿ’ ಎಂಬ ಒಂದು ಮಾತಿನ ಮೆಸೇಜ್ ಬಂದರೂ ಚಿಪ್ಪಿಗೆ ಹಲವು ಪೇಜಿನ ಬರವಣಿಗೆ. ನೂರು ಜನರ ಗುಂಪೊಂದು ಬೆಳಗಿನಿಂದ ರಾತ್ರಿವರೆಗೆ ಹರಟಿದರೆ ಎಷ್ಟಾಗಬಹುದು ಎಂದು ಓದುಗರೇ ಊಹಿಸಬಹುದು.

ಭಾರತದ ಫೋನುಗಳಿಗೆ ಈ ವಿಷಯದಲ್ಲಿ ತಮ್ಮದೇ ಆದ ಖ್ಯಾತಿಯಿದೆ. 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆದ ವರದಿಯ ಪ್ರಕಾರ, ಇಲ್ಲಿನ ಫೋನುಗಳು ಏಕಿಷ್ಟು ಬೇಗ ತುಂಬುತ್ತವೆ ಎಂದು ಹುಡುಕಿ ಹೊರಟ ಗೂಗಲ್‌ನವರಿಗೆ ಸಿಕ್ಕ ದೊಡ್ಡ ಆರೋಪಿ ಶುಭೋದಯದ ಚಿತ್ರಗಳು. ಗುಲಾಬಿ ಹೂ, ಸೂರ್ಯೋದಯ, ದೇವರ ಪಟ, ಕೆಳಗೊಂದು ಸುಭಾಷಿತ. ಭಾರತದಲ್ಲಿ ಮೂವರು ಬಳಕೆದಾರರಲ್ಲಿ ಒಬ್ಬರ ಫೋನು ದಿನವೂ ಜಾಗವಿಲ್ಲದೆ ಒದ್ದಾಡುತ್ತದೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರದು ಎಂಬ ವೆಸ್ಟರ್ನ್ ಡಿಜಿಟಲ್ ಕಂಪನಿಯ ಅಂಕಿಯೂ ಆ ವರದಿಯಲ್ಲಿತ್ತು. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಗೂಗಲ್ ‘ಫೈಲ್ಸ್ ಗೋ’ ಎಂಬ ಆಪ್ ಬಿಟ್ಟಿತ್ತು. ಇಂಥ ಚಿತ್ರಗಳನ್ನು ಗುರುತಿಸಿ ಒಟ್ಟಿಗೆ ಅಳಿಸುವ ಸೌಲಭ್ಯ ಅದರಲ್ಲಿತ್ತು.

ಅಳಿಸುವುದೇನೋ ಸರಿ. ಅಳಿಸಿದ ಸುದ್ದಿ ಚಿಪ್ಪಿಗೆ ಮುಟ್ಟಬೇಕಲ್ಲ.

ನೆಕ್ಸಸ್ 7ರ ಕಥೆಗೆ ಇಲ್ಲಿ ಮರಳಬೇಕು. ಫೈಲನ್ನು ಡಿಲೀಟ್ ಮಾಡಿದಾಗ ಆಂಡ್ರಾಯ್ಡ್ ತನ್ನ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕುತ್ತದೆ, ಅಷ್ಟೆ. ಚಿಪ್ಪಿನ ಕಂಟ್ರೋಲರ್ ಇಟ್ಟುಕೊಂಡಿರುವುದು ಬೇರೆಯೇ ದಫ್ತರು. ಆ ಜಾಗದ ಮೇಲೆ ಆಂಡ್ರಾಯ್ಡ್ ಮತ್ತೇನಾದರೂ ಬರೆಯಲು ಹೇಳುವವರೆಗೂ ಅಲ್ಲಿರುವುದು ಬೇಕಾದದ್ದೇ ಎಂದು ಅದು ತಿಳಿದಿರುತ್ತದೆ. ಬಾಡಿಗೆದಾರ ಮನೆ ಬಿಟ್ಟಿದ್ದಾನೆ, ಮಾಲೀಕನಿಗೆ ಹೇಳಿಲ್ಲ. ಪ್ರತಿ ಬಾರಿ ಸುಣ್ಣ ಬಳಿಯುವಾಗಲೂ ಅವನು ಬಿಟ್ಟುಹೋದ ಹಳೆಯ ಡಬ್ಬಿಗಳನ್ನು ಮಾಲೀಕ ಶ್ರದ್ಧೆಯಿಂದ ಪಕ್ಕದ ವಠಾರಕ್ಕೆ ಸಾಗಿಸುತ್ತಾನೆ. ಹೀಗಾಗಿ ಒಮ್ಮೆ ಪೂರ್ತಿ ತುಂಬಿದ ನೆಕ್ಸಸ್ 7 ಚಿಪ್ಪಿನ ಲೆಕ್ಕದಲ್ಲಿ ಮುಂದೆಂದೂ ಖಾಲಿಯೇ ಆಗುತ್ತಿರಲಿಲ್ಲ. ಪರದೆಯ ಮೇಲೆ ‘8 ಜಿಬಿ ಖಾಲಿ’ ಎಂದಿದ್ದರೂ ಒಳಗೆ ಕಂಟ್ರೋಲರಿಗೆ ಕೈಯಾಡಿಸಲು ಇದ್ದುದು ತಯಾರಕರು ತೆಗೆದಿಟ್ಟ ಹೆಚ್ಚುವರಿ ಬ್ಲಾಕುಗಳು ಮಾತ್ರ.

ಆಂಡ್ರಾಯ್ಡ್ 4.3 ಈ ಸುದ್ದಿ ಮುಟ್ಟಿಸುವ ಕೆಲಸವನ್ನು ಪ್ರತಿ ಡಿಲೀಟಿಗೂ ಮಾಡದೆ, ದಿನಕ್ಕೊಮ್ಮೆ ಒಟ್ಟಾಗಿ ಮಾಡುವ ದಾರಿ ಹಿಡಿಯಿತು. ಟ್ಯಾಬ್ಲೆಟ್ ಒಂದು ತಾಸಿಗೂ ಹೆಚ್ಚು ಹೊತ್ತು ಸುಮ್ಮನೆ ಬಿದ್ದಿರಬೇಕು, ಹಿಂದಿನ ಟ್ರಿಮ್ ಆಗಿ 24 ತಾಸು ಕಳೆದಿರಬೇಕು, ಚಾರ್ಜರ್ ಇಲ್ಲದಿದ್ದರೆ ಬ್ಯಾಟರಿ ಶೇ. 80, ಇದ್ದರೆ ಶೇ. 30 ಇರಬೇಕು ಎಂಬಂಥ ಷರತ್ತುಗಳಿದ್ದವು. ಮುಂದಿನ ಆಂಡ್ರಾಯ್ಡ್‌ಗಳಲ್ಲಿ ಷರತ್ತು ಇನ್ನಷ್ಟು ಸರಳವಾಯಿತು. ಬೆಳಗಿನ ಜಾವ ಮೂರರ ನಂತರ, ಫೋನು ಚಾರ್ಜಿಗಿದ್ದು ಯಾರೂ ಮುಟ್ಟದಿದ್ದಾಗ ಈ ಕೆಲಸ ನಡೆಯುತ್ತದೆ. ರಾತ್ರಿ ಚಾರ್ಜಿಗೆ ಹಾಕುವ ಅಭ್ಯಾಸವಿಲ್ಲದೆ, ಹಗಲಿನಲ್ಲಿ ವಿಡಿಯೊ ನೋಡುತ್ತಲೇ ಅರ್ಧಂಬರ್ಧ ಚಾರ್ಜ್ ಮಾಡುವವರ ಫೋನಿಗೆ ಈ ಅವಕಾಶವೇ ಸಿಗದಿರಬಹುದು. ಹಲವು ದಿನ ಹಾಗೇ ಕಳೆದರೆ ಫೋನನ್ನು ರೀಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಟ್ರಿಮ್ ನಡೆಸುವ ಏರ್ಪಾಡೂ ಆಂಡ್ರಾಯ್ಡ್‌ನಲ್ಲಿ ಬಂತು. ‘ಒಂದ್ಸಲ ಆಫ್ ಮಾಡಿ ಆನ್ ಮಾಡು’ ಎಂಬ ಎಲ್ಲರ ಮನೆಯ ಪರಿಹಾರದಲ್ಲಿ ಒಂದಷ್ಟು ಸತ್ಯವಿರುವುದು ಹೀಗೆ. ಕಂಪ್ಯೂಟರಿಗೆ ಜೋಡಿಸಿ ಕೈಯಾರೆ ಮಾಡಿಸಬೇಕೆನ್ನುವವರಿಗೆ ಒಂದು ಸಾಲಿನ ಆಜ್ಞೆಯಿದೆ:

```
adb shell sm fstrim
```

ಟ್ರಿಮ್ ಸರಿಯಾಗಿ ನಡೆಯುವ ಫೋನಿನಲ್ಲೂ ಫೈಲುಗಳೇ ಶೇ. 95 ತುಂಬಿದ್ದರೆ ಅದು ಹೇಳುವುದಾದರೂ ಏನು? ಬಿಟ್ಟುಹೋದವರೇ ಇಲ್ಲ. ಅಲ್ಲಿಗೆ ಹಿಂದಿನ ಲೆಕ್ಕವೇ ಗತಿ. ಹೊಸ ಫೋನುಗಳಲ್ಲಿ ಇನ್ನೊಂದು ಪೆಟ್ಟೂ ಇದರ ಜೊತೆ ಸೇರುತ್ತದೆ. ಇಂದಿನ ಚಿಪ್ಪುಗಳು ಒಂದು ಕೋಶದಲ್ಲಿ ಮೂರು ಬಿಟ್ ತುಂಬುತ್ತವೆ. ಹಾಗೆ ಬರೆಯುವುದು ನಿಧಾನದ, ನಾಜೂಕಿನ ಕೆಲಸ. ಅದಕ್ಕೆ ಕಂಟ್ರೋಲರ್ ಒಂದು ಉಪಾಯ ಮಾಡುತ್ತದೆ. ಖಾಲಿಯಿರುವ ಜಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಸರಸರನೆ ಬರೆದಿಟ್ಟು, ಬಿಡುವಾದಾಗ ಅದನ್ನು ಮೂರು ಬಿಟ್ಟಿಗೆ ಒತ್ತಿ ಜೋಡಿಸುತ್ತದೆ. ಹೊಸ ಫೋನಿನ ಜಾಹೀರಾತಿನಲ್ಲಿ ಕಾಣುವ ವೇಗ ಬಹುಪಾಲು ಇದರ ಫಲ. ಈ ಉಪಾಯಕ್ಕೆ ಖಾಲಿ ಜಾಗ ಮೂರರಷ್ಟು ಬೇಕು. ಜಾಗ ಕರಗಿದಂತೆ ಹಲವು ಫೋನುಗಳಲ್ಲಿ ಈ ವೇಗದ ಪಟ್ಟಿಯೂ ಕಿರಿದಾಗುತ್ತದೆ.

ಇಷ್ಟು ಹೊತ್ತೂ ಹೇಳಿದ್ದು ಇಕ್ಕಟ್ಟಿನ ಮಾತು. ಸವೆತದ ಮಾತು ಬೇರೆ. ಎರಡನ್ನೂ ಜನ ಒಂದೇ ಎಂದು ತಿಳಿಯುವುದರಿಂದ ಬಿಡಿಸಿ ಹೇಳಬೇಕಾಗುತ್ತದೆ. ಇಕ್ಕಟ್ಟು ಜಾಗ ಮಾಡಿಕೊಟ್ಟರೆ ವಾಸಿಯಾಗುತ್ತದೆ. ಸವೆತ ವಾಸಿಯಾಗುವುದಿಲ್ಲ.

ಫ್ಲ್ಯಾಶ್ ಚಿಪ್ಪಿನ ಒಂದೊಂದು ಕೋಶವೂ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಜಾಗ. ಅದರ ಸುತ್ತ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರವಿದೆ. ಅದು ವಿದ್ಯುತ್ತನ್ನು ಹಾಯಗೊಡದ ಗೋಡೆ. ವಿದ್ಯುತ್ ಹೋದರೂ ಫೋಟೊ ಉಳಿಯುವುದು ಈ ಗೋಡೆಯಿಂದ. ಬರೆಯುವಾಗಲೂ ಅಳಿಸುವಾಗಲೂ ಸುಮಾರು 20 ವೋಲ್ಟ್ ಒತ್ತಡ ಹಾಕಿ ಎಲೆಕ್ಟ್ರಾನುಗಳನ್ನು ಆ ಗೋಡೆಯ ಮೂಲಕವೇ ಹಾಯಿಸಬೇಕು. ಪ್ರತಿ ಸಲವೂ ಗೋಡೆಯಲ್ಲಿ ಒಂದಿಷ್ಟು ಊನ ಉಳಿಯುತ್ತದೆ, ಕೆಲವು ಎಲೆಕ್ಟ್ರಾನುಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಕಾಲ ಕಳೆದಂತೆ ಗೋಡೆ ಸೋರತೊಡಗುತ್ತದೆ. ಕೋಶಕ್ಕೆ ಒಂದೇ ಬಿಟ್ ಇಡುತ್ತಿದ್ದ ಹಳೆಯ ಚಿಪ್ಪುಗಳು ಲಕ್ಷದಷ್ಟು ಬಾರಿ ಅಳಿಸಿ ಬರೆದರೂ ತಾಳುತ್ತಿದ್ದವು, ಯಾಕೆಂದರೆ ಅಲ್ಲಿ ‘ತುಂಬಿದೆಯೇ, ಖಾಲಿಯೇ’ ಎಂದಷ್ಟೇ ನೋಡಿದರೆ ಸಾಕು. ಮೂರು ಬಿಟ್ ಇಡುವ ಕೋಶದಲ್ಲಿ ಎಂಟು ಬೇರೆ ಬೇರೆ ಮಟ್ಟಗಳನ್ನು ಗುರುತಿಸಬೇಕು, ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಇವುಗಳ ಬಾಳಿಕೆ ಸಾವಿರದಿಂದ ಮೂರು ಸಾವಿರ ಬಾರಿ.

ಸಾವಿರ ಎಂದರೆ ಭಯವಾಗಬಹುದು. ಲೆಕ್ಕ ಹಾಕಿದರೆ ಅಷ್ಟೇನೂ ಇಲ್ಲ. 64 ಜಿಬಿಯ ಚಿಪ್ಪು ಸಾವಿರ ಬಾರಿ ತಾಳುತ್ತದೆ ಎಂದರೆ ಒಟ್ಟು 64,000 ಜಿಬಿ ಬರೆಯಬಹುದು. ಕಂಟ್ರೋಲರ್ ಎಲ್ಲ ಬ್ಲಾಕುಗಳಿಗೂ ಕೆಲಸವನ್ನು ಸರದಿಯಂತೆ ಹಂಚುವುದರಿಂದ ಒಂದೇ ಮೂಲೆ ಮೊದಲೇ ಸವೆಯುವುದಿಲ್ಲ. ಫೋನೊಂದು ದಿನಕ್ಕೆ 10 ಜಿಬಿ ಬರೆಯುತ್ತದೆ ಎಂದಿಟ್ಟುಕೊಳ್ಳೋಣ. ಅರ್ಧ ಖಾಲಿ ಇದ್ದು ಕೆಲಸ ಎರಡರಷ್ಟಾದರೆ ಚಿಪ್ಪಿಗೆ ದಿನಕ್ಕೆ 20 ಜಿಬಿ, ಬಾಳಿಕೆ 3,200 ದಿನ, ಹತ್ತಿರ ಹತ್ತಿರ ಒಂಬತ್ತು ವರ್ಷ. ಅದೇ ಫೋನು ಸದಾ ತುಂಬಿದ್ದು ಕೆಲಸ ಐದರಷ್ಟಾದರೆ ದಿನಕ್ಕೆ 50 ಜಿಬಿ, ಬಾಳಿಕೆ 1,280 ದಿನ, ಮೂರೂವರೆ ವರ್ಷ. ಬಳಕೆ ಒಂದಿನಿತೂ ಬದಲಾಗಿಲ್ಲ, ಬದಲಾದದ್ದು ಖಾಲಿ ಜಾಗ ಮಾತ್ರ. ಇಕ್ಕಟ್ಟು ವರ್ಷಗಟ್ಟಲೆ ಉಳಿದರೆ ಸವೆತವಾಗಿ ಮಾರ್ಪಡುವುದು ಹೀಗೆ. 16 ಅಥವಾ 32 ಜಿಬಿಯ ಅಗ್ಗದ ಫೋನುಗಳಿಗೆ ಎರಡೂ ಕಡೆಯಿಂದ ಏಟು. ಹಂಚಿಕೊಳ್ಳಲು ಬ್ಲಾಕುಗಳೇ ಕಡಿಮೆ, ತುಂಬುವುದೂ ಬೇಗ.

ಸವೆತ ಸಾರ್ವಜನಿಕವಾಗಿ, ದಾಖಲೆ ಸಹಿತ ಬಯಲಿಗೆ ಬಂದದ್ದು ಫೋನಿನಲ್ಲಲ್ಲ, ಕಾರಿನಲ್ಲಿ. ಟೆಸ್ಲಾ ಕಂಪನಿಯ 2012ರಿಂದ 2018ರವರೆಗಿನ ಮಾಡೆಲ್ ಎಸ್ ಮತ್ತು 2016ರಿಂದ 2018ರವರೆಗಿನ ಮಾಡೆಲ್ ಎಕ್ಸ್ ಕಾರುಗಳ ದೊಡ್ಡ ಪರದೆಯ ಹಿಂದೆ, ಆ ಕಾಲದ ಫೋನುಗಳಲ್ಲಿದ್ದಂಥದೇ 8 ಜಿಬಿಯ ಚಿಪ್ ಇತ್ತು. ಕಾರಿನ ಸಾಫ್ಟ್‌ವೇರ್ ತನ್ನ ದಿನಚರಿಯನ್ನು ಅದರ ಮೇಲೆ ಎಡೆಬಿಡದೆ ಬರೆಯುತ್ತಿತ್ತು. ಚಿಪ್ಪಿನ ಪ್ರತಿ ಬ್ಲಾಕಿನ ಬಾಳಿಕೆ 3,000 ಬಾರಿ, ಕಾರುಗಳು ಅದನ್ನು ಐದಾರು ವರ್ಷಗಳಲ್ಲೇ ಮುಗಿಸಬಲ್ಲವು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ತನಿಖೆ ಲೆಕ್ಕ ಹಾಕಿತು. ಮುಗಿದಾಗ ಪರದೆ ಕಪ್ಪಾಗುತ್ತಿತ್ತು, ಹಿಂಬದಿಯ ಕ್ಯಾಮೆರಾ ಕಾಣುತ್ತಿರಲಿಲ್ಲ, ಗಾಜಿನ ಮಂಜು ತೆಗೆಯುವ ವ್ಯವಸ್ಥೆ ಕೈಕೊಡುತ್ತಿತ್ತು. 2021ರ ಫೆಬ್ರವರಿಯಲ್ಲಿ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಿ ಚಿಪ್ ಬದಲಿಸಲು ಕಂಪನಿ ಒಪ್ಪಬೇಕಾಯಿತು. ಹೊಸದಾಗಿ ಹಾಕಿದ್ದು 64 ಜಿಬಿಯದು. ಎಂಟು ಪಟ್ಟು ಜಾಗವಿದ್ದರೆ ಅದೇ ಬರವಣಿಗೆ ಎಂಟು ಪಟ್ಟು ಬ್ಲಾಕುಗಳಿಗೆ ಹಂಚಿಹೋಗುತ್ತದೆ.

ಸವೆದ ಚಿಪ್ ಒಮ್ಮೆಗೇ ಸಾಯುವುದಿಲ್ಲ, ಮೊದಲು ನಿಧಾನವಾಗುತ್ತದೆ. ಓದಿದ್ದರಲ್ಲಿ ತಪ್ಪು ಕಂಡರೆ ಕಂಟ್ರೋಲರ್ ಗಣಿತದಿಂದ ತಿದ್ದುತ್ತದೆ. ತಪ್ಪು ತಿದ್ದಲಾರದಷ್ಟಿದ್ದರೆ ವೋಲ್ಟೇಜನ್ನು ಸ್ವಲ್ಪ ಅತ್ತಿತ್ತ ಮಾಡಿ ಮತ್ತೆ ಓದುತ್ತದೆ, ಆಗಲೂ ಆಗದಿದ್ದರೆ ಇನ್ನೊಮ್ಮೆ. ಒಂದು ಪೇಜಿಗೆ ಇಂಥ ಐದಾರು ಯತ್ನ ಬೇಕಾದರೆ ಓದುವ ವೇಗ ಅಷ್ಟರಮಟ್ಟಿಗೆ ಬೀಳುತ್ತದೆ. ಬಹುಕಾಲ ಮುಟ್ಟದೆ ಬಿಟ್ಟ ಹಳೆಯ ಫೈಲುಗಳಲ್ಲಿ ಇದು ಹೆಚ್ಚು. ಸ್ಯಾಮ್ಸಂಗ್‌ನ 840 ಇವಿಒ ಎಂಬ ಕಂಪ್ಯೂಟರ್ ಎಸ್‌ಎಸ್‌ಡಿಯಲ್ಲಿ 2014ರಲ್ಲಿ ಇದೇ ಬಗೆಯ ದೋಷ ಎದ್ದು ಕಂಡಿತು. ಹೊಸ ಫೈಲುಗಳು ಸರಾಗವಾಗಿ ತೆರೆದರೆ, ತಿಂಗಳುಗಳ ಹಿಂದಿನವು ಆಮೆಗತಿಯಲ್ಲಿ ಬರುತ್ತಿದ್ದವು. ಮೂರು ಬಿಟ್ಟಿನ ಕೋಶಗಳಲ್ಲಿ ವೋಲ್ಟೇಜ್ ಜಾರಿತ್ತು, ಕಂಟ್ರೋಲರಿನ ಅಂದಾಜು ತಪ್ಪುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಮೊದಲ ತಿದ್ದುಪಡಿ ಸಾಲದೆ, 2015ರಲ್ಲಿ ಇನ್ನೊಂದನ್ನು ಕೊಟ್ಟು ಹಳೆಯ ಡೇಟಾವನ್ನು ಆಗಾಗ ಹೊಸದಾಗಿ ಬರೆಯುವಂತೆ ಮಾಡಿದರು. ಮರೆವಿಗೆ ಮದ್ದಾಗಿ ಕೊಟ್ಟದ್ದು ಇನ್ನಷ್ಟು ಬರವಣಿಗೆ, ಅಂದರೆ ಇನ್ನಷ್ಟು ಸವೆತ. ಫ್ಲ್ಯಾಶ್ ಲೋಕದಲ್ಲಿ ಇಂಥ ಚೌಕಾಸಿ ದಿನನಿತ್ಯದ್ದು.

ಹಾಗಾದರೆ ಕೈಯಲ್ಲಿರುವ ಫೋನಿಗೆ ಬಂದಿರುವ ಕಾಯಿಲೆ ಯಾವುದು? ಮೊದಲು ಬೇರೆ ಕಾರಣಗಳನ್ನು ಬದಿಗಿಡಬೇಕು. ಬ್ಯಾಟರಿ ಹಳತಾದರೆ ಫೋನನ್ನು ಬೇಕೆಂದೇ ನಿಧಾನಗೊಳಿಸುವ ಪದ್ಧತಿಯೂ ಇದೆ. ಹಳೆಯ ಐಫೋನ್‌ಗಳಲ್ಲಿ ಹಾಗೆ ಮಾಡುತ್ತಿರುವುದಾಗಿ ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಆ ನಿಧಾನ ಸ್ಟೋರೇಜ್ ಖಾಲಿ ಮಾಡಿದರೆ ಹೋಗುವುದಿಲ್ಲ, ಬ್ಯಾಟರಿ ಬದಲಿಸಿದರೆ ಹೋಗುತ್ತದೆ. ಪ್ರೊಸೆಸರ್ ಸಾಲದೆ ಆಗುವ ನಿಧಾನ ಆಟದಲ್ಲಿ, ಕ್ಯಾಮೆರಾದಲ್ಲಿ ಒಂದೇ ಸಮನಾಗಿ ಕಾಣುತ್ತದೆ. ಸ್ಟೋರೇಜಿನದು ಬಿಟ್ಟು ಬಿಟ್ಟು ಬರುತ್ತದೆ. ಹತ್ತು ನಿಮಿಷ ಸರಿಯಿದ್ದು, ಪ್ಲೇಸ್ಟೋರ್ ಆಪ್‌ಗಳನ್ನು ಅಪ್‌ಡೇಟ್ ಮಾಡತೊಡಗಿದೊಡನೆ ಅಥವಾ ವಾಟ್ಸಾಪ್ ಬ್ಯಾಕಪ್ ಶುರುವಾದೊಡನೆ ಫೋನು ಮರಗಟ್ಟಿದರೆ ಅನುಮಾನ ಇದರ ಮೇಲೆ ಹೋಗಬೇಕು. ಆಗ ನಾಲ್ಕನೇ ಒಂದು ಭಾಗದಷ್ಟು ಜಾಗ ತೆರವು ಮಾಡಿ, ಎರಡು ಮೂರು ರಾತ್ರಿ ಚಾರ್ಜಿಗೆ ಹಾಕಿ ಮುಟ್ಟದೆ ಬಿಟ್ಟು ನೋಡಬಹುದು. ಚೇತರಿಸಿಕೊಂಡರೆ ಇಕ್ಕಟ್ಟಿನ ಕಾಯಿಲೆ. ಮುಂದೆ ಶೇ. 15ರಿಂದ 20ರಷ್ಟು ಜಾಗವನ್ನು ಸದಾ ಖಾಲಿ ಬಿಟ್ಟರೆ ಸಾಕು. ತೀರಾ ಹದಗೆಟ್ಟ ಫೋನಿಗೆ ಫ್ಯಾಕ್ಟರಿ ರೀಸೆಟ್ ಅನೇಕ ಸಲ ಹೊಸ ಜೀವ ಕೊಟ್ಟಂತೆ ಕಾಣುವುದು ಅದು ಇಡೀ ಜಾಗವನ್ನು ಖಾಲಿಯೆಂದು ಚಿಪ್ಪಿಗೆ ಸಾರುವುದರಿಂದ. ಫೋಟೊಗಳ ಪ್ರತಿ ಬೇರೆಡೆ ಇಟ್ಟುಕೊಂಡೇ ಅದಕ್ಕೆ ಕೈಹಾಕಬೇಕು ಎಂಬುದು ಬೇರೆ ಮಾತು. ಸ್ಟೋರೇಜಿನ ಒಂದು ಭಾಗವನ್ನೇ ಹೆಚ್ಚುವರಿ ರ್‍ಯಾಮ್ ಆಗಿ ಬಳಸುವ ಸೌಲಭ್ಯ ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿದೆ. ಅದು ಜಾಗವನ್ನೂ ತಿನ್ನುತ್ತದೆ, ಬರವಣಿಗೆಯನ್ನೂ ಹೆಚ್ಚಿಸುತ್ತದೆ. ತುಂಬಿದ ಫೋನಿನಲ್ಲಿ ಅದನ್ನು ಆಫ್ ಮಾಡುವುದೇ ಮೇಲು.

ಜಾಗ ಬಿಡಿಸಿ, ರೀಸೆಟ್ ಮಾಡಿ, ಎಲ್ಲ ಆದಮೇಲೂ ಹಳೆಯ ಫೋಟೊಗಳು ತೆರೆಯಲು ಒದ್ದಾಡಿದರೆ, ಫೋನು ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ, ಉಳಿಸಿದ ಫೈಲುಗಳು ಕೆಟ್ಟು ಕೂತರೆ, ಅದು ಸವೆತ. ಇದನ್ನು ಅಳೆಯುವ ದಾರಿಯೂ ಚಿಪ್ಪಿನೊಳಗೇ ಇದೆ. ಇಎಂಎಂಸಿ ಮತ್ತು ಯುಎಫ್‌ಎಸ್ ಎಂಬ ಎರಡೂ ಬಗೆಯ ಸ್ಟೋರೇಜುಗಳು ತಮ್ಮ ಆಯುಸ್ಸಿನ ಅಂದಾಜನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಇಎಂಎಂಸಿ ಇರುವ ಫೋನಿನಲ್ಲಿ ಅದನ್ನು ಸಾಮಾನ್ಯವಾಗಿ ಹೀಗೆ ಓದಬಹುದು, ಅನೇಕ ಫೋನುಗಳಲ್ಲಿ ರೂಟ್ ಅನುಮತಿ ಬೇಕಾಗುತ್ತದೆ:

```
adb shell "cat /sys/class/mmc_host/mmc0/mmc0:*/life_time"
```

ಉತ್ತರವಾಗಿ ಎರಡು ಸಂಖ್ಯೆ ಬರುತ್ತವೆ, ಚಿಪ್ಪಿನ ಎರಡು ಬಗೆಯ ಕೋಶಗಳಿಗೆ ಒಂದೊಂದರಂತೆ. `0x01` ಎಂದರೆ ಆಯುಸ್ಸಿನ ಶೇ. 10ರವರೆಗೆ ಕಳೆದಿದೆ ಎಂದರ್ಥ, `0x05` ಎಂದರೆ ಶೇ. 40ರಿಂದ 50. `0x0A` ಬಂದರೆ ಶೇ. 90 ದಾಟಿದೆ, `0x0B` ಬಂದರೆ ತಯಾರಕರು ಅಂದಾಜಿಸಿದ ಆಯುಸ್ಸು ಮುಗಿದಿದೆ. ಮುಗಿದ ಮೇಲೂ ಕೆಲವು ಚಿಪ್ಪುಗಳು ಬಹಳ ದಿನ ಓಡುತ್ತವೆ, ಆದರೆ ಅವುಗಳ ಮೇಲೆ ಭರವಸೆ ಇಡುವಂತಿಲ್ಲ. ಮೀಸಲು ಬ್ಲಾಕುಗಳೂ ತೀರಿದಾಗ ಚಿಪ್ ಇನ್ನು ಬರೆಯುವುದಿಲ್ಲ ಎಂದು ನಿಲ್ಲಬಹುದು, ಆಗ ಏನೂ ಬರೆಯದೆ ಏಳಲಾರದ ಫೋನು ಕಂಪನಿಯ ಲೋಗೊದ ಬಳಿಯೇ ಸಿಕ್ಕಿಕೊಳ್ಳುತ್ತದೆ. ಸ್ಟೋರೇಜ್ ಚಿಪ್ ಬೋರ್ಡಿಗೆ ಬೆಸೆದಿರುವುದರಿಂದ ಅದನ್ನು ಕಿತ್ತು ಬೇರೊಂದು ಹಾಕುವ ಕೆಲಸ ಎಲ್ಲ ಅಂಗಡಿಯವರಿಗೂ ಬರುವುದಿಲ್ಲ, ಬಂದವರು ಕೇಳುವ ಕೂಲಿ ಹಳೆಯ ಫೋನಿನ ಬೆಲೆಗೇ ಹತ್ತಿರವಿರುತ್ತದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಪರದೆಯ ಗೀರು, ಬ್ಯಾಟರಿಯ ಶೇಕಡಾವಾರು ನೋಡುವ ಹಾಗೆ ಈ ಎರಡು ಸಂಖ್ಯೆಗಳನ್ನೂ ಕೇಳಿ ನೋಡಬಹುದು. 32 ಜಿಬಿಯ ಐದು ವರ್ಷದ ಫೋನೊಂದು `0x02` ತೋರಿಸುತ್ತಿದ್ದರೆ ಅದರ ನಿಧಾನಕ್ಕೆ ಕಾರಣ ಹಿಂದಿನ ಮಾಲೀಕರ ಶುಭೋದಯದ ಸಂಗ್ರಹವಿರಬಹುದು, `0x09` ತೋರಿಸುತ್ತಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಯೋಚಿಸಬೇಕು.